‘ಇಂದೇ ಆರ್ಡರ್ ಮಾಡಿ’ ಬದಲಿಗೆ ‘ನಿಮಗೊಂದು ಎತ್ತಿಡಲಾ?’: ಮಾರಾಟದ ಮೆಸೇಜಿನ ಕೊನೆಯ ಸಾಲನ್ನು ತಿದ್ದುವುದು ಹೇಗೆ

ಸಾಗರದ ಕಡೆ ಇರುವ ನಮ್ಮತ್ತಿಗೆ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊದಲೆಲ್ಲ ನೆಂಟರಿಷ್ಟರಿಗೆ, ಅವರ ಅಕ್ಕಪಕ್ಕದ ಮನೆಯವರಿಗೆ ಅಂತ ಹೋಗುತ್ತಿತ್ತು. ಈಗ ವಾಟ್ಸ್‌ಆ್ಯಪಿನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡು ಬೆಂಗಳೂರಿನವರಿಗೂ ಕಳಿಸುತ್ತಾರೆ. ಒಂದು ದಿನ ಫೋನ್ ಮಾಡಿ, ‘ಮಾರಾಯ, ನೀನು ದಿನಾ ಇದೇ ಕೆಲಸ ಮಾಡ್ತೀಯಲ್ಲ, ನನ್ನ ಮೆಸೇಜ್ ನೋಡು. ಎಲ್ಲರೂ ಓದಿದ್ದಾರೆ, ನೀಲಿ ಗೆರೆ ಬಂದಿದೆ. ಆದ್ರೆ ಒಬ್ಬರೂ ಮಾತಾಡ್ತಿಲ್ಲ’ ಅಂದರು. ಅವರು ಕಳಿಸಿದ್ದು ಇದು:

> 🔥🔥 ಬಂಪರ್ ಆಫರ್!! 🔥🔥
> ಅಪ್ಪಟ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ!!
> ಒಮ್ಮೆ ತಿಂದರೆ ಬಿಡಲಾರಿರಿ!!
> ಇಂದೇ ಆರ್ಡರ್ ಮಾಡಿ!!
> ಸ್ಟಾಕ್ ಮುಗಿಯುವ ಮುನ್ನ ತ್ವರೆ ಮಾಡಿ!!
> ಈ ಸುವರ್ಣಾವಕಾಶವನ್ನು ತಪ್ಪಿಸಿಕೊಳ್ಳಬೇಡಿ!!
> ನಿಮ್ಮ ಮಕ್ಕಳಿಗೆ ಕೆಮಿಕಲ್ ಉಪ್ಪಿನಕಾಯಿ ತಿನ್ನಿಸುತ್ತೀರಾ? ಯೋಚಿಸಿ!!
> ಈಗಲೇ ಕರೆ ಮಾಡಿ / ವಾಟ್ಸ್‌ಆ್ಯಪ್ ಮಾಡಿ
> ಹೆಚ್ಚಿನ ಮಾಹಿತಿಗಾಗಿ ಸಂಪರ್ಕಿಸಿ
> ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಶೇರ್ ಮಾಡಿ 🙏🙏

ಅತ್ತಿಗೆ ಮಾತಾಡುವಾಗ ಹೀಗೆ ಮಾತಾಡುವವರೇ ಅಲ್ಲ. ಯಾರಾದರೂ ಮನೆಗೆ ಬಂದರೆ ಬಡಿಸುತ್ತಾ, ‘ಹೋಗುವಾಗ ಸ್ವಲ್ಪ ಕಟ್ಟಿಕೊಡ್ಲಾ?’ ಅಂತಾರೆ, ಅಷ್ಟೇ. ಬಂದವರು ಬೇಡ ಅಂದದ್ದನ್ನು ನಾನು ನೋಡಿಲ್ಲ. ಬರೆಯಲು ಕೂತಾಗ ಮಾತ್ರ ಅವರೊಳಗೆ ಆಟೋದ ಮೈಕಿನಲ್ಲಿ ಕೂಗುವವನೊಬ್ಬ ಹೊಕ್ಕಿಬಿಡುತ್ತಾನೆ. ಆ ಮೈಕಿನ ಭಾಷೆಯನ್ನು ತೆಗೆದು ಅತ್ತಿಗೆಯ ಮಾತನ್ನು ವಾಪಸ್ ತರಲು ಏನೇನು ಮಾಡಿದೆವು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ನೀವು ಸೀರೆ ಮಾರುತ್ತಿರಲಿ, ಟ್ಯೂಷನ್ ನಡೆಸುತ್ತಿರಲಿ, ನಿಮ್ಮ ಮೆಸೇಜನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ.

## 1. ಆಜ್ಞೆಗಳನ್ನು ಎಣಿಸಿ

ಮೆಸೇಜಿನಲ್ಲಿ ಓದುವವರಿಗೆ ‘ಮಾಡಿ’, ‘ಮಾಡಬೇಡಿ’ ಅಂತ ಹೇಳುವ ಕ್ರಿಯಾಪದಗಳಿಗೆಲ್ಲ ಕೆಳಗೆರೆ ಎಳೆಯಿರಿ. ಅತ್ತಿಗೆಯ ಹತ್ತು ಸಾಲಿನಲ್ಲಿ ಎಂಟು ಸಿಕ್ಕವು: ಆರ್ಡರ್ ಮಾಡಿ, ತ್ವರೆ ಮಾಡಿ, ತಪ್ಪಿಸಿಕೊಳ್ಳಬೇಡಿ, ಯೋಚಿಸಿ, ಕರೆ ಮಾಡಿ, ವಾಟ್ಸ್‌ಆ್ಯಪ್ ಮಾಡಿ, ಸಂಪರ್ಕಿಸಿ, ಶೇರ್ ಮಾಡಿ. ಅದರ ಮೇಲೆ ‘ಇಂದೇ’, ‘ಈಗಲೇ’ ಅನ್ನುವ ಒತ್ತು ಬೇರೆ. ಆ ಕೊನೆಯ ‘ಏ’ ಕಾರ ಕನ್ನಡದಲ್ಲಿ ಬಹಳ ಗಟ್ಟಿ. ‘ಇವತ್ತು ಬಾ’ ಅನ್ನುವುದಕ್ಕೂ ‘ಇವತ್ತೇ ಬಾ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಮನೆಯಲ್ಲಿ ಬೈಸಿಕೊಂಡವರಿಗೆಲ್ಲ ಗೊತ್ತು.

ಈಗ ಆ ಎಂಟನ್ನು ಬಿಡಿಸಿ ನೋಡಿ. ಆರ್ಡರ್, ಕರೆ, ವಾಟ್ಸ್‌ಆ್ಯಪ್, ಸಂಪರ್ಕ, ಈ ನಾಲ್ಕೂ ಒಂದೇ ಕೆಲಸಕ್ಕಿರುವ ನಾಲ್ಕು ಹೆಸರು. ತ್ವರೆ ಮಾಡಿ, ತಪ್ಪಿಸಿಕೊಳ್ಳಬೇಡಿ ಎರಡೂ ಬರೀ ದೂಡುವ ಮಾತು, ಅವು ಹೇಳುವ ಕೆಲಸವೇ ಇಲ್ಲ. ಯೋಚಿಸಿ ಅನ್ನುವುದು ಚುಚ್ಚುಮಾತು. ಶೇರ್ ಮಾಡಿ ಅನ್ನುವುದು ಇನ್ನೂ ಕೊಳ್ಳದವರ ಹತ್ತಿರ ಕೇಳುವ ಉಪಕಾರ. ಇಷ್ಟೆಲ್ಲ ಇದ್ದೂ ಬೆಲೆ ಎಷ್ಟು, ಎಷ್ಟು ತೂಕದ ಡಬ್ಬಿ, ಬೆಂಗಳೂರಿಗೆ ಹೇಗೆ ಬರುತ್ತದೆ, ಒಂದೂ ಇಲ್ಲ.

ಹೀಗೆ ಒತ್ತಿದಾಗ ಜನ ಯಾಕೆ ಹಿಂದೆ ಸರಿಯುತ್ತಾರೆ ಅನ್ನುವುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲೇ ಒಂದು ವಿವರಣೆ ಕೊಟ್ಟಿದ್ದ. ತನ್ನ ಆಯ್ಕೆಯ ಸ್ವಾತಂತ್ರ್ಯಕ್ಕೆ ಯಾರೋ ಕೈ ಹಾಕುತ್ತಿದ್ದಾರೆ ಅನ್ನಿಸಿದ ಕೂಡಲೇ ಮನುಷ್ಯ ಆ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ತಿರುಗಿ ನಿಲ್ಲುತ್ತಾನೆ, ಎಷ್ಟೋ ಸಲ ತನಗೆ ಬೇಕಿದ್ದ ವಸ್ತುವನ್ನೇ ಬೇಡ ಅನ್ನುತ್ತಾನೆ ಅಂತ. ನಮ್ಮ ಸಮಸ್ಯೆಯೂ ಅದೇ. ಆ ಲಿಸ್ಟಿನಲ್ಲಿರುವ ಹೆಚ್ಚಿನವರಿಗೆ ಅಪ್ಪೆಮಿಡಿ ಅಂದರೆ ಬಾಯಲ್ಲಿ ನೀರೂರುತ್ತದೆ. ಅವರಿಗೆ ಬೇಡವಾಗಿದ್ದು ಉಪ್ಪಿನಕಾಯಿಯಲ್ಲ.

## 2. ಯಾರಿಗೆ, ಏನನ್ನು ಕೇಳುತ್ತಿದ್ದೀರಿ ಅಂತ ಬೇರ್ಪಡಿಸಿ

ಅತ್ತಿಗೆಯ ಲಿಸ್ಟಿನಲ್ಲಿ ಎರಡು ಥರದ ಜನ ಇದ್ದರು. ಹೋದ ವರ್ಷ ತೆಗೆದುಕೊಂಡವರು, ಮತ್ತು ಯಾರದೋ ಮೂಲಕ ನಂಬರ್ ಸೇರಿದವರು. ಇಬ್ಬರಿಗೂ ಒಂದೇ ಮಾತು ಹೇಳಿದರೆ ಒಬ್ಬರಿಗೆ ಅದು ಕಡಿಮೆಯಾಗುತ್ತದೆ, ಇನ್ನೊಬ್ಬರಿಗೆ ಜಾಸ್ತಿಯಾಗುತ್ತದೆ.

ತಿಂದು ಗೊತ್ತಿದ್ದವರಿಗೆ ‘ಬೇಕಾ, ಎಷ್ಟು’ ಅಂತ ನೇರವಾಗಿ ಕೇಳಬಹುದು. ಅವರು ಅದನ್ನು ಒತ್ತಡ ಅಂದುಕೊಳ್ಳುವುದಿಲ್ಲ, ನೆನಪಿಟ್ಟುಕೊಂಡು ಹೇಳಿದರಲ್ಲ ಅಂದುಕೊಳ್ಳುತ್ತಾರೆ. ಗೊತ್ತಿಲ್ಲದವರ ಹತ್ತಿರ ದುಡ್ಡಿನ ನಿರ್ಧಾರವನ್ನೇ ಮೊದಲ ಹೆಜ್ಜೆಯಾಗಿ ಕೇಳಬಾರದು. ಸೀರೆ ಅಂಗಡಿಯಲ್ಲಿ ‘ನೋಡಿ ಮೇಡಂ, ನೋಡೋಕೇನು ದುಡ್ಡಿಲ್ಲ’ ಅಂತ ಇಪ್ಪತ್ತು ಸೀರೆ ಬಿಚ್ಚಿ ಹಾಕುವುದು ಸುಮ್ಮನೆ ಅಲ್ಲ. ಆದರೆ ಗಮನಿಸಿ, ಅಲ್ಲಿ ಕೇಳುತ್ತಿರುವುದು ನೋಡುವುದನ್ನು ಮಾತ್ರ.

ಹಾಗಾಗಿ ಬರೆಯುವ ಮೊದಲು ಪ್ರತಿ ಗುಂಪಿಗೂ ಒಂದೇ ಒಂದು ಕೆಲಸ ಗೊತ್ತು ಮಾಡಿ. ಅತ್ತಿಗೆಯ ಹಳೇ ಗಿರಾಕಿಗಳಿಗೆ ನಾವು ಗೊತ್ತು ಮಾಡಿದ್ದು ‘ಒಂದು ಪದ ಟೈಪ್ ಮಾಡಿ ಎಷ್ಟು ಬೇಕು ಹೇಳುವುದು’. ಹೊಸಬರಿಗೆ, ‘ಬಂದು ರುಚಿ ನೋಡುವುದು, ಅಥವಾ ಏನಾದರೂ ಕೇಳುವುದು’. ಎರಡನೆಯದು ಮೆಸೇಜಿಗೆ ಸೇರಿದರೆ ಮೊದಲನೆಯದರ ಬಲ ಕಡಿಮೆಯಾಗುತ್ತದೆ, ಅದಕ್ಕೇ ಎರಡು ಬೇರೆ ಲಿಸ್ಟ್ ಮಾಡಿದೆವು. ಒಂದು ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೀಗಾಗಿ ‘ಕಳಿಸಿದ್ದೆ, ಉತ್ತರ ಬರಲಿಲ್ಲ’ ಅಂತ ಕೊರಗುವ ಮೊದಲು ಎರಡು ಗೆರೆ ಬಂದಿದೆಯೋ ನೋಡಿಕೊಳ್ಳಿ.

## 3. ಕ್ರಿಯಾಪದವನ್ನು ತಿರುಗಿಸಿ

ಇಡೀ ಕೆಲಸದ ಹೃದಯ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೋಗೋಣ.

‘ಆರ್ಡರ್ ಮಾಡಿ’ ಅನ್ನುವಾಗ ಕೆಲಸ ಮಾಡಬೇಕಾದವರು ಯಾರು? ಓದುವವರು. ನೀವು ಕೂತಲ್ಲೇ ಕೂತು ಹೇಳುತ್ತಿದ್ದೀರಿ. ಕನ್ನಡದ ಅಂಗಡಿಯಾತ ಹಾಗೆ ಹೇಳುವುದಿಲ್ಲ. ಆತ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡು ಅಪ್ಪಣೆ ಕೇಳುತ್ತಾನೆ: ‘ಕಟ್ಟಲಾ?’ ‘ಕೊಡ್ಲಾ?’ ಈ ‘ಲಾ’ ಪ್ರಶ್ನೆ ನಮ್ಮ ಭಾಷೆ ನಮಗೆ ಪುಕ್ಕಟೆಯಾಗಿ ಕೊಟ್ಟ ಸಲಕರಣೆ. ಮಾಡುವವ ನಾನು, ಹೂಂ ಅನ್ನುವವರು ನೀವು. ಹೂಂ ಅನ್ನುವುದಕ್ಕೂ ಉಹುಂ ಅನ್ನುವುದಕ್ಕೂ ಅಷ್ಟೇ ಶ್ರಮ.

ಅತ್ತಿಗೆಯ ಸಾಲುಗಳನ್ನು ಹೀಗೆ ತಿರುಗಿಸುತ್ತಾ ಹೋದೆವು. ‘ಇಂದೇ ಆರ್ಡರ್ ಮಾಡಿ’ ಅನ್ನುವುದು ‘ನಿಮಗೊಂದು ಎತ್ತಿಡಲಾ?’ ಆಯಿತು. ‘ಹೆಚ್ಚಿನ ಮಾಹಿತಿಗಾಗಿ ಸಂಪರ್ಕಿಸಿ’ ಅನ್ನುವುದು ‘ಭರಣಿಯ ಫೋಟೊ ಕಳಿಸಲಾ?’ ಆಯಿತು. ಟ್ಯೂಷನ್ ನಡೆಸುವವರಾದರೆ ‘ಇಂದೇ ನೋಂದಾಯಿಸಿ’ ಬದಲು ‘ಬುಧವಾರದ ಪಾಠಕ್ಕೆ ಮಗುವಿಗೆ ಒಂದು ಜಾಗ ಇಟ್ಟಿರಲಾ?’ ಅನ್ನಬಹುದು. ಪುಸ್ತಕದ ಭಾಷೆಯ ‘ಇಡಲೇ?’ ‘ಕಳಿಸಲೇ?’ ಕೂಡ ಸರಿಯೇ, ಆದರೆ ವಾಟ್ಸ್‌ಆ್ಯಪಿನಲ್ಲಿ ಸ್ವಲ್ಪ ನಾಟಕದ ಸಂಭಾಷಣೆಯಂತೆ ಕೇಳುತ್ತದೆ. ನಿಮ್ಮ ಊರಿನಲ್ಲಿ ಹೇಗೆ ಕೇಳುತ್ತೀರೋ ಹಾಗೇ ಬರೆಯಿರಿ. ಧಾರವಾಡದ ಗೆಳೆಯರೊಬ್ಬರು ‘ಒಂದ್ ಡಬ್ಬಿ ತಗದ್ ಇಡ್ಲೇನ್ರಿ?’ ಅಂತ ಬರೆದರೆ ಅವರ ಗಿರಾಕಿಗಳಿಗೆ ಅದೇ ಚೆಂದ.

ಇಲ್ಲೊಂದು ಕಲ್ಲಿದೆ, ಎಡವಬೇಡಿ. ‘ಕಟ್ಟಲಾ?’ ಮತ್ತು ‘ಎಷ್ಟು ಕಟ್ಟಲಿ?’ ಎರಡೂ ಪ್ರಶ್ನೆಯೇ. ಆದರೆ ಎರಡನೆಯದು ನೀವು ತೆಗೆದುಕೊಳ್ಳುತ್ತೀರಿ ಅಂತ ಮೊದಲೇ ತೀರ್ಮಾನಿಸಿಬಿಟ್ಟಿದೆ. ‘ಅರ್ಧವೋ, ಒಂದೋ?’ ಅನ್ನುವುದೂ ಅದೇ ಜಾತಿ, ಬೇಡ ಅನ್ನುವ ಬಾಗಿಲನ್ನು ಮುಚ್ಚಿಟ್ಟು ಕೇಳುವ ಪ್ರಶ್ನೆ. ಹೋದ ವರ್ಷ ಎರಡು ಕೆಜಿ ತೆಗೆದುಕೊಂಡ ಅಕ್ಕನಿಗೆ ಹೀಗೆ ಕೇಳಿದರೆ ಸಲಿಗೆ. ಅಪರಿಚಿತರಿಗೆ ಕೇಳಿದರೆ ಒತ್ತಾಯ. ಮಾರಾಟದ ತರಬೇತಿಗಳಲ್ಲಿ ಇದನ್ನು ಜಾಣತನ ಅಂತ ಹೇಳಿಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗೆ ನಿಂತಾಗ ಮುಖ ನೋಡಿ ಸರಿಪಡಿಸಿಕೊಳ್ಳಬಹುದು, ಮೆಸೇಜಿನಲ್ಲಿ ಆ ಅವಕಾಶವೇ ಇಲ್ಲ.

ಪ್ರಶ್ನೆಯ ಹಿಂದೆಯೇ ಉತ್ತರ ಕೊಡುವ ದಾರಿ ಬರಬೇಕು, ಅದಕ್ಕೆ ಕನ್ನಡದಲ್ಲಿ ‘ಸಾಕು’ ಇದೆ. ‘ಅರ್ಧ ಅಂತ ಬರೆದರೆ ಸಾಕು.’ ‘ಒಂದು ಹೂಂ ಸಾಕು.’ ಇದು ಆಜ್ಞೆಯಲ್ಲ, ಕೆಲಸ ಎಷ್ಟು ಚಿಕ್ಕದು ಅಂತ ಅಳತೆ ತೋರಿಸುವುದು. ನಿಜವಾಗಿಯೂ ಅಷ್ಟೇ ಸಾಕಾಗಬೇಕು ಅನ್ನುವುದು ಮುಖ್ಯ. ‘ಹೂಂ ಸಾಕು’ ಅಂದು, ಅವರು ಹೂಂ ಅಂದಮೇಲೆ ಫಾರ್ಮ್ ಲಿಂಕ್ ಕಳಿಸಿದರೆ ಅವರ ಮುಂದಿನ ಹೂಂ ನಿಮಗೆ ಸಿಗುವುದಿಲ್ಲ.

‘ಬಹುದು’ ಬಳಸುವಾಗ ಹುಷಾರು. ‘ಆಸಕ್ತರು ಸಂಪರ್ಕಿಸಬಹುದು’ ಅಂತ ಬರೆದರೆ ಒತ್ತಡ ಹೋಗುತ್ತದೆ ನಿಜ, ಜೊತೆಗೆ ಜೀವವೂ ಹೋಗುತ್ತದೆ. ಅದು ಪಂಚಾಯಿತಿ ನೋಟಿಸ್ ಬೋರ್ಡಿನ ಭಾಷೆ. ಎರಡು ದಾರಿ ನಿಜವಾಗಿ ಇದ್ದಾಗ ಮಾತ್ರ ‘ಬಹುದು’ ಚೆನ್ನಾಗಿ ಕೂರುತ್ತದೆ: ‘ಬಸ್ಸಿಗೆ ಹಾಕಿಸಿಕೊಳ್ಳಬಹುದು, ಇಲ್ಲವೇ ವಿಜಯನಗರದ ಮನೆಯಿಂದ ತೆಗೆದುಕೊಂಡು ಹೋಗಬಹುದು.’

‘ದಯವಿಟ್ಟು’ ಸೇರಿಸಿದರೆ ಮೃದುವಾಗುತ್ತದೆ ಅಂತ ಅತ್ತಿಗೆ ಅಂದುಕೊಂಡಿದ್ದರು. ‘ದಯವಿಟ್ಟು ಆರ್ಡರ್ ಮಾಡಿ’ ಅಂದರೆ ಆಜ್ಞೆ ಆಜ್ಞೆಯಾಗಿಯೇ ಉಳಿದು, ಮೇಲೆ ಬೇಡಿಕೊಳ್ಳುವ ದನಿಯೊಂದು ಕೂತುಕೊಳ್ಳುತ್ತದೆ. ಒಳ್ಳೆಯ ಉಪ್ಪಿನಕಾಯಿ ಹಾಕಿದವರು ಬೇಡಿಕೊಳ್ಳಬೇಕಾದ ಅಗತ್ಯವಿಲ್ಲ. ‘ದಯವಿಟ್ಟು’ ತೆಗೆದೆವು, ಎರಡು ಕೈ ಮುಗಿಯುವ ಚಿತ್ರವನ್ನೂ ತೆಗೆದೆವು.

ಹಾಗಾದರೆ ಆಜ್ಞಾರ್ಥ ಯಾವಾಗಲೂ ಕೆಟ್ಟದ್ದೇ? ಅಲ್ಲ. ಗಿರಾಕಿ ಹೂಂ ಅಂದಮೇಲೆ ಆಜ್ಞೆಯೇ ಉಪಕಾರ. ಆಮೇಲೂ ‘ನಿಮಗೆ ಅನುಕೂಲವಾದರೆ ವಿಳಾಸ ಕಳಿಸಬಹುದೇನೋ’ ಅಂತ ಎಳೆಯುವುದು ಬೇಸರದ ಕೆಲಸ. ‘ವಿಳಾಸ ಕಳಿಸಿ. 300 ರೂಪಾಯಿ ಈ ನಂಬರಿಗೆ ಹಾಕಿ. ಬಂದಮೇಲೆ ಒಣ ಚಮಚ ಹಾಕಿ ತೆಗೆಯಿರಿ, ನೀರು ತಾಗಿಸಬೇಡಿ’ ಅಂತ ಸ್ಪಷ್ಟವಾಗಿ ಹೇಳಿ. ಒಪ್ಪಿಗೆಗೆ ಮೊದಲು ಪ್ರಶ್ನೆ, ಒಪ್ಪಿಗೆಯ ನಂತರ ಆಜ್ಞೆ. ನಾನು ನೋಡಿದ ಬಹುಪಾಲು ಮೆಸೇಜುಗಳಲ್ಲಿ ಇದು ತಿರುವುಮುರುವಾಗಿರುತ್ತದೆ.

## 4. ಅವಸರಕ್ಕೆ ಕಾರಣ ಬರೆಯಿರಿ, ಕಾರಣ ಇಲ್ಲದಿದ್ದರೆ ಅವಸರ ಅಳಿಸಿ

‘ಸ್ಟಾಕ್ ಮುಗಿಯುವ ಮುನ್ನ’ ಅನ್ನುವ ಮಾತನ್ನು ಈಗ ಯಾರೂ ನಂಬುವುದಿಲ್ಲ. ಆದರೆ ಅಪ್ಪೆಮಿಡಿಯ ವಿಷಯದಲ್ಲಿ ಅದು ಸತ್ಯ! ಮಿಡಿ ಸಿಗುವುದು ಬೇಸಿಗೆ ಶುರುವಾಗುವ ಆ ಕೆಲವು ವಾರ ಮಾತ್ರ. ತೊಟ್ಟು ಮುರಿಯದಂತೆ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ಯಬೇಕು, ಹದ ಮೀರಿ ಒಳಗೆ ವಾಟೆ ಬಲಿತರೆ ಮುಗಿಯಿತು. ಆಮೇಲೆ ಉಪ್ಪಿನಲ್ಲಿ ಹಾಕಿಟ್ಟು ಮುರುಟಿಸಬೇಕು, ಅದಾದ ಮೇಲೆ ಖಾರ. ಹಾಕಿದ ಭರಣಿ ಖಾಲಿಯಾದರೆ ದುಡ್ಡು ಎಷ್ಟೇ ಕೊಟ್ಟರೂ ಮುಂದಿನ ವರ್ಷದ ಮಿಡಿ ಬರುವ ತನಕ ಹೊಸದು ಇಲ್ಲ.

ಇಷ್ಟು ಒಳ್ಳೆಯ ನಿಜವಾದ ಕಾರಣ ಕೈಯಲ್ಲಿದ್ದೂ ಅತ್ತಿಗೆ ಅದನ್ನು ಬಿಟ್ಟು ಎಲ್ಲರೂ ಕೂಗುವ ಸುಳ್ಳಿನಂಥ ಮಾತನ್ನು ಎತ್ತಿಕೊಂಡಿದ್ದರು. ನಾವು ಬರೆದದ್ದು: ‘ಈ ವರ್ಷ ಮಿಡಿ ಕಡಿಮೆ ಸಿಕ್ಕಿತು, ಮೂರು ಭರಣಿ ಮಾತ್ರ ಹಾಕಿದ್ದೇನೆ.’ ಇಷ್ಟೇ. ಬೇಗ ಮಾಡಿ ಅಂತ ಹೇಳುವ ಅಗತ್ಯವೇ ಬೀಳಲಿಲ್ಲ, ಓದುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ದಿನಾಂಕಕ್ಕೂ ಹೀಗೇ. ‘ಶುಕ್ರವಾರವೇ ಕೊನೆ ದಿನ’ ಅಂದರೆ ಯಾಕೆ ಅನ್ನುವ ಪ್ರಶ್ನೆ ಉಳಿಯುತ್ತದೆ. ‘ಶನಿವಾರ ಬೆಳಗಿನ ಬಸ್ಸಿಗೆ ಹಾಕುತ್ತೇವೆ, ಅದಕ್ಕೆ ಶುಕ್ರವಾರ ಸಂಜೆಯೊಳಗೆ ಗೊತ್ತಾದರೆ ಒಳ್ಳೆಯದು’ ಅಂದರೆ ಅದು ಒತ್ತಡವಲ್ಲ, ವ್ಯವಸ್ಥೆ.

ಪರೀಕ್ಷೆ ಸುಲಭ. ಗಡುವು ಮುಗಿದ ಮಾರನೇ ದಿನ ಒಬ್ಬರು ಕೇಳಿದರು ಅಂತಿಟ್ಟುಕೊಳ್ಳಿ. ನೀವು ಅದೇ ಬೆಲೆಗೆ, ಅದೇ ಮಾಲನ್ನು ಕೊಡುತ್ತೀರಾದರೆ ಆ ಗಡುವು ಸುಳ್ಳು, ಅಳಿಸಿ. ಇದು ಬರೀ ಮರ್ಯಾದೆಯ ಮಾತಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ಮೋಸದ ತಂತ್ರಗಳನ್ನು ಹೆಸರಿಸಲಾಗಿದೆ, ಮೊದಲನೆಯದೇ ಸುಳ್ಳು ಅವಸರ. ಇದು ದೊಡ್ಡ ಆನ್‌ಲೈನ್ ಕಂಪನಿಗಳಿಗೆ ಮಾತ್ರ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ, ಮಾರಾಟಗಾರರೂ ಜಾಹೀರಾತುದಾರರೂ ಅದರ ವ್ಯಾಪ್ತಿಯಲ್ಲಿದ್ದಾರೆ.

ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ಬೇಡ ಅನ್ನುವವರಿಗೆ ನಾಚಿಕೆಯಾಗುವ ಹಾಗೆ ಮಾಡುವುದು. ಅಲ್ಲಿ ಕೊಟ್ಟಿರುವ ಉದಾಹರಣೆ ವಿಮಾನ ಟಿಕೆಟ್ಟಿನದು. ವಿಮೆ ಬೇಡ ಅನ್ನುವವರು ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಅನ್ನುವಂಥ ಸಾಲನ್ನು ಒತ್ತಬೇಕಾಗುವುದು. ‘ನಿಮ್ಮ ಮಕ್ಕಳಿಗೆ ಕೆಮಿಕಲ್ ತಿನ್ನಿಸುತ್ತೀರಾ?’ ಅನ್ನುವುದು ಇದರ ಖಾಸಾ ತಮ್ಮ. ಅತ್ತಿಗೆಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಂಗಡಿ ಉಪ್ಪಿನಕಾಯಿ ನಮ್ಮನೇಲೂ ಇದೆ ಮಾರಾಯ’ ಅಂದು ಆ ಸಾಲನ್ನು ತಾವೇ ಹೊಡೆದುಹಾಕಿದರು.

## 5. ಬೇಡ ಅನ್ನುವವರಿಗೆ ಒಂದು ಬಾಗಿಲು ತೆರೆದಿಡಿ

‘ಈ ಸಲ ಬೇಡವಾದರೆ ಏನೂ ತೊಂದರೆ ಇಲ್ಲ.’ ಈ ಸಾಲು ಸೇರಿಸಿ ಅಂದಾಗ ಅತ್ತಿಗೆ ಒಪ್ಪಲಿಲ್ಲ. ಮಾರೋಕೆ ಕೂತವರು ಬೇಡ ಅನ್ನಿ ಅಂತ ನಾವೇ ಹೇಳಿಕೊಡುವುದೇ ಅಂದರು.

ಫ್ರಾನ್ಸಿನ ಸಂಶೋಧಕರಾದ ನಿಕೋಲಾ ಗೆಗೆನ್ ಮತ್ತು ಅಲೆಕ್ಸಾಂಡ್ರ್ ಪಾಸ್ಕಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದರದ್ದೇ. ದಾರಿಹೋಕರ ಹತ್ತಿರ ಬಸ್ಸಿಗೆ ಚಿಲ್ಲರೆ ಕೇಳಿದಾಗ ಶೇ 10ರಷ್ಟು ಜನ ಕೊಟ್ಟರು. ಅದೇ ಕೋರಿಕೆಗೆ ‘ಕೊಡುವುದು ಬಿಡುವುದು ನಿಮ್ಮಿಷ್ಟ’ ಅನ್ನುವ ಅರ್ಥದ ಮಾತು ಸೇರಿಸಿದಾಗ ಶೇ 47.5ರಷ್ಟು ಜನ ಕೊಟ್ಟರು. ಈ ಸಂಖ್ಯೆಯನ್ನು ಹಾಗೇ ನಿಮ್ಮ ವ್ಯಾಪಾರಕ್ಕೆ ಅಂಟಿಸಿಕೊಳ್ಳಬೇಡಿ. ಗೆಗೆನ್ ಅವರ ಬೇರೆ ಕೆಲವು ಅಧ್ಯಯನಗಳ ಬಗ್ಗೆ ಆಮೇಲೆ ಗಂಭೀರ ಪ್ರಶ್ನೆಗಳು ಎದ್ದಿವೆ. 2013ರಲ್ಲಿ ಕ್ರಿಸ್ಟೋಫರ್ ಕಾರ್ಪೆಂಟರ್ ಅನ್ನುವ ಇನ್ನೊಬ್ಬ ಸಂಶೋಧಕರು ಈ ತಂತ್ರದ 42 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿ, ಪರಿಣಾಮ ಇದೆ ಅಂತ ಕಂಡುಕೊಂಡರು. ಆದರೆ ನಿರ್ಧಾರ ಅಲ್ಲಲ್ಲೇ ಆಗದೆ ಮುಂದಕ್ಕೆ ಹೋದಾಗ ಅದರ ಬಲ ಕುಗ್ಗುತ್ತದೆ ಅಂತಲೂ ಹೇಳಿದರು. ನಮಗೆ ಬೇಕಾದ ಪಾಠ ಅದೇ. ‘ನಿಮ್ಮಿಷ್ಟ’ ಅನ್ನುವ ಸಾಲು ‘ಅರ್ಧ ಅಂತ ಬರೆದರೆ ಸಾಕು’ ಅನ್ನುವ ಚಿಕ್ಕ ಕೆಲಸದ ಪಕ್ಕದಲ್ಲೇ ಇರಬೇಕು. ‘ಯೋಚಿಸಿ ನಿಧಾನವಾಗಿ ಹೇಳಿ’ ಅಂತ ಬಿಟ್ಟರೆ ಅವರು ಯೋಚಿಸುವುದೂ ಇಲ್ಲ, ಹೇಳುವುದೂ ಇಲ್ಲ.

ಈ ಬಾಗಿಲು ಒಂದೇ ಇರಲಿ. ‘ತೊಂದರೆ ಕೊಡುತ್ತಿದ್ದರೆ ಕ್ಷಮಿಸಿ’, ‘ಬೇಜಾರಾಗಬೇಡಿ’ ಅಂತ ಸಾಲುಗಟ್ಟಿ ಬರೆದರೆ ಓದುವವರೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ, ಅದೂ ಒಂದು ಬಗೆಯ ಒತ್ತಡ.

## 6. ಜೋಡಿಸಿ

ಹಳೇ ಗಿರಾಕಿಗಳಿಗೆ ಹೋದದ್ದು ಇದು:

> ನಮಸ್ಕಾರ. ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಾಯ್ತು. ಹೋದ ಸಲ ನೀವು ತಗೊಂಡಿದ್ದಿರಿ, ಅದಕ್ಕೇ ಮೊದಲು ನಿಮಗೆ ಹೇಳ್ತಿದ್ದೇನೆ.
> ಮಿಡಿ ಕಡಿಮೆ ಸಿಕ್ಕಿತು, ಮೂರು ಭರಣಿ ಮಾತ್ರ ಹಾಕಿದ್ದೇನೆ. ಖಾರ ಹೋದ ಸಲಕ್ಕಿಂತ ಒಂಚೂರು ಕಮ್ಮಿ.
> ಅರ್ಧ ಕೆಜಿ 300, ಒಂದು ಕೆಜಿ 580. ಬಸ್ ಪಾರ್ಸೆಲ್ ಖರ್ಚು ಬೇರೆ.
> ಶನಿವಾರ ಬೆಳಗಿನ ಬಸ್ಸಿಗೆ ಹಾಕ್ತೇವೆ. ನಿಮಗೆ ಎತ್ತಿಡಲಾ? ಶುಕ್ರವಾರ ಸಂಜೆಯೊಳಗೆ ‘ಅರ್ಧ’ ಅಥವಾ ‘ಒಂದು’ ಅಂತ ಬರೆದರೆ ಸಾಕು. ಈ ಸಲ ಬೇಡವಾದರೆ ಏನೂ ತೊಂದರೆ ಇಲ್ಲ.

ಒಂದೇ ಒಂದು ಆಜ್ಞೆಯೂ ಇಲ್ಲ, ಆದರೆ ಏನು ಮಾಡಬೇಕು ಅಂತ ಗೊತ್ತಾಗದೆ ಯಾರೂ ಉಳಿಯುವುದಿಲ್ಲ. ‘ಖಾರ ಒಂಚೂರು ಕಮ್ಮಿ’ ಅನ್ನುವ ಸಾಲು ಅತ್ತಿಗೆಯದು. ಅದು ಮಾಲನ್ನು ಹೊಗಳುವುದಿಲ್ಲ, ಆದರೆ ಮಿಕ್ಕ ಸಾಲುಗಳನ್ನು ನಂಬುವ ಹಾಗೆ ಮಾಡುತ್ತದೆ. ಬೆಲೆಯನ್ನು ಬರೆದದ್ದನ್ನೂ ಗಮನಿಸಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅನ್ನುವುದು ಮೃದುವಾಗಿ ಕಾಣುವ ಒತ್ತಾಯ. ಬೆಲೆ ಕೇಳಿದ ಮೇಲೆ ಬೇಡ ಅನ್ನಲು ನಮ್ಮ ಜನಕ್ಕೆ ದಾಕ್ಷಿಣ್ಯ, ಅದಕ್ಕೇ ಎಷ್ಟೋ ಜನ ಕೇಳುವುದೇ ಇಲ್ಲ.

ಹೊಸಬರಿಗೆ ಹೋದದ್ದರ ಕೊನೆ ಬೇರೆ. ಮಿಡಿ, ಭರಣಿ, ಬೆಲೆ ಎಲ್ಲ ಹೇಳಿ, ಕೊನೆಗೆ: ‘ಭಾನುವಾರ ವಿಜಯನಗರದ ನಮ್ಮವರ ಮನೆಯಲ್ಲಿ ಒಂದು ಡಬ್ಬಿ ತೆರೆದಿಟ್ಟಿರುತ್ತೇವೆ, ಬಂದು ರುಚಿ ನೋಡಿ ಹೋಗಬಹುದು. ವಿಳಾಸ ಕಳಿಸಲಾ?’ ಕೊಳ್ಳುವ ಮಾತೇ ಇಲ್ಲ. ಆ ನಮ್ಮವರು ಅಂದರೆ ನಾನೇ, ಭಾನುವಾರದ ನಿದ್ದೆ ಹೋಯಿತು, ಅದು ಬೇರೆ ಕಥೆ.

ಉದ್ದದ ಬಗ್ಗೆ ಒಂದು ಮಾತು. ಮೆಸೇಜ್ ಉದ್ದವಾದರೆ ವಾಟ್ಸ್‌ಆ್ಯಪ್ ಅದನ್ನು ಕತ್ತರಿಸಿ ‘Read more’ ತೋರಿಸುತ್ತದೆ. ನಿಮ್ಮ ಪ್ರಶ್ನೆ ಆ ಗೆರೆಯ ಕೆಳಗೆ ಬಿದ್ದರೆ ಇಷ್ಟು ತಿದ್ದಿದ್ದೂ ದಂಡ. ನಿಮಗೇ ಒಮ್ಮೆ ಕಳಿಸಿಕೊಂಡು ನೋಡಿ. ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಹಾಗಾಗಿ ಅಲ್ಲಿ ಬೆಂಕಿಯ ಚಿತ್ರದ ಬದಲು ಏನು ತಯಾರಾಗಿದೆ ಅನ್ನುವುದು ಇರಲಿ.

## 7. ಮೃದು ಜಾಸ್ತಿಯಾಯಿತೇ ನೋಡಿ

ಮೇಲಿನದ್ದು ನಮ್ಮ ಎರಡನೇ ಪ್ರಯತ್ನ. ಮೊದಲನೆಯದನ್ನು ನಾನೇ ಹಾಳು ಮಾಡಿದ್ದೆ. ಒತ್ತಡ ತೆಗೆಯುವ ಹುರುಪಿನಲ್ಲಿ ಪ್ರಶ್ನೆಯನ್ನೇ ತೆಗೆದು, ‘ಈ ವರ್ಷದ ಉಪ್ಪಿನಕಾಯಿ ತಯಾರಾಗಿದೆ, ನಿಮಗೆ ತಿಳಿಸೋಣ ಅನ್ನಿಸಿತು’ ಅಂತ ಮುಗಿಸಿದ್ದೆ. ಉತ್ತರಗಳು ಬಂದವು: ಹೆಬ್ಬೆಟ್ಟು, ‘ಸೂಪರ್ ಅಕ್ಕ’, ‘ಊರಿನ ನೆನಪಾಯ್ತು’. ಆರ್ಡರ್ ಇಲ್ಲ. ಅತ್ತಿಗೆ ನಗುತ್ತಾ, ‘ಎಲ್ಲರೂ ಹೊಗಳಿದರು, ಭರಣಿ ಮಾತ್ರ ಹಾಗೇ ಇದೆ’ ಅಂದರು.

ಹಾಗಾಗಿ ಉತ್ತರ ಬಂತೇ ಅನ್ನುವುದಕ್ಕಿಂತ ಎಂಥ ಉತ್ತರ ಬಂತು ಅನ್ನುವುದನ್ನು ನೋಡಿ. ಬರೀ ಹೊಗಳಿಕೆ, ಹೆಬ್ಬೆಟ್ಟು ಬಂದರೆ ಕೇಳುವುದೇ ಕಡಿಮೆಯಾಗಿದೆ ಅಂತ. ‘ಎಷ್ಟು ಬೆಲೆ?’, ‘ಹೇಗೆ ಕಳಿಸ್ತೀರಿ?’ ಅಂತಲೇ ಬರುತ್ತಿದ್ದರೆ ಆಸೆ ಇದೆ, ಮೆಸೇಜಿನಲ್ಲಿ ಮಾಹಿತಿ ಬಿಟ್ಟುಹೋಗಿದೆ. ಓದಿ ಮೌನ, ಜೊತೆಗೆ ಕೆಲವರು ಬ್ಲಾಕ್ ಮಾಡಿದಂತೆ ಕಂಡರೆ ಒತ್ತಡ ಜಾಸ್ತಿ. ‘ಈ ಸಲ ಬೇಡ ಅಕ್ಕ, ಹಳೇದೇ ಇದೆ’ ಅನ್ನುವ ಉತ್ತರಗಳು ಬಂದರೆ ಬೇಸರ ಪಡಬೇಡಿ, ಬಾಗಿಲು ಕೆಲಸ ಮಾಡುತ್ತಿದೆ ಅಂತ ಅದರ ಅರ್ಥ.

ಎರಡು ಸಾಲುಗಳಲ್ಲಿ ಯಾವುದು ಒಳ್ಳೆಯದು ಅಂತ ಗೊಂದಲವಾದರೆ ಲಿಸ್ಟನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಒಂದೇ ದಿನ ಒಂದೇ ಹೊತ್ತಿಗೆ, ಕೊನೆಯ ಸಾಲು ಮಾತ್ರ ಬೇರೆ ಮಾಡಿ ಕಳಿಸಿ. ಐವತ್ತು-ಐವತ್ತು ಜನರಲ್ಲಿ ಒಂದು ಕಡೆ ಏಳು, ಇನ್ನೊಂದು ಕಡೆ ಒಂಬತ್ತು ಆರ್ಡರ್ ಬಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಆಕಸ್ಮಿಕವಾಗಿಯೂ ಅಷ್ಟು ವ್ಯತ್ಯಾಸ ಬರುತ್ತದೆ. ಒಂದು ಕಡೆ ಮೂರು, ಇನ್ನೊಂದು ಕಡೆ ಹದಿನೈದು ಬಂದರೆ ನಂಬಬಹುದು.

## 8. ಎರಡನೇ ಮೆಸೇಜು, ಮತ್ತು ನಿಲ್ಲಿಸುವುದು

ಉತ್ತರ ಬಾರದವರಿಗೆ ಒಂದು ಸಲ ನೆನಪಿಸಬಹುದು. ಆದರೆ ನೆನಪಿಸುವುದಕ್ಕೆ ಹೊಸ ವಿಷಯ ಬೇಕು. ‘ನನ್ನ ಮೆಸೇಜ್ ನೋಡಿದ್ರಾ?’ ಅನ್ನುವುದು ವಿಷಯವಲ್ಲ, ಹಾಜರಿ ಕೂಗುವುದು. ಅತ್ತಿಗೆ ಗುರುವಾರ ಕಳಿಸಿದ್ದು: ‘ಎರಡು ಭರಣಿ ಹೋಯಿತು, ಒಂದಿದೆ. ನಾಳೆ ರಾತ್ರಿ ಕಟ್ಟುತ್ತೇವೆ. ನಿಮ್ಮ ಹೆಸರು ಬರೆದುಕೊಳ್ಳಲಾ?’ ಅದಕ್ಕೂ ಸುಮ್ಮನಿದ್ದರೆ ಅದೇ ಉತ್ತರ, ಆ ವರ್ಷಕ್ಕೆ ಅಲ್ಲಿಗೆ ಬಿಟ್ಟೆವು. ಪದೇ ಪದೇ ಕೇಳಿ ಕಾಡುವುದೂ ಆ ಹದಿಮೂರರ ಪಟ್ಟಿಯಲ್ಲಿದೆ.

ಮೂರನೇ ಭರಣಿಯೂ ಮುಗಿದ ಮೇಲೆ ಒಬ್ಬಿಬ್ಬರು ತಡವಾಗಿ ‘ಇದೆಯಾ?’ ಅಂತ ಕೇಳಿದರು. ಅಂಥವರಿಗೆ ‘ಅಯ್ಯೋ, ಮೊದಲೇ ಹೇಳಬಾರದಿತ್ತಾ’ ಅನ್ನದೆ ಏನು ಬರೆಯಬೇಕು ಅಂತ ಅತ್ತಿಗೆ ನನ್ನನ್ನು ಕೇಳಲೂ ಇಲ್ಲ. ತಾವೇ ಬರೆದು ಕಳಿಸಿದ್ದರು: ‘ಮುಗಿದುಹೋಯ್ತು. ಬರುವ ವರ್ಷ ಮಿಡಿ ಕೊಯ್ದಾಗಲೇ ನಿಮಗೆ ಹೇಳಲಾ?’ ಹೂಂ ಅಂದವರ ಹೆಸರನ್ನು ಅಡುಗೆಮನೆಯ ಕ್ಯಾಲೆಂಡರಿನ ಮಾರ್ಚ್ ಪುಟದ ಹಿಂದೆ ಬರೆದಿಟ್ಟಿದ್ದಾರೆ.